ಡಚ್ ಕೋಕೋ ಹಾಕಿದಾಗ ಕೇಕ್ ಕುಸಿದದ್ದೇಕೆ?

ಪ್ರಶ್ನೆ: ನಾನು ಬಹಳ ಕಾಲದಿಂದ ಒಂದೇ ಅಳತೆಯಲ್ಲಿ ಚಾಕೊಲೇಟ್ ಕೇಕ್ ಮಾಡುತ್ತಿದ್ದೇನೆ. ಮೈದಾ 200 ಗ್ರಾಂ, ಸಕ್ಕರೆ 220 ಗ್ರಾಂ, ಕೋಕೋ ಪುಡಿ 60 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಹಾಲು 240 ಮಿಲಿ, ಎಣ್ಣೆ 120 ಮಿಲಿ, ಎರಡು ಮೊಟ್ಟೆ. ಬೇಕಿಂಗ್ ಪೌಡರ್ ಇಲ್ಲ. ಈ ಸಲ ಕಡುಬಣ್ಣದ ಡಚ್ ಕೋಕೋ ಹಾಕಿದೆ, ಉಳಿದದ್ದೆಲ್ಲ ಎಂದಿನಂತೆಯೇ. ಕೇಕ್ ಎತ್ತರಕ್ಕೆ ಬರಲಿಲ್ಲ, ನಡುಭಾಗ ಕುಸಿಯಿತು, ತಿಂದಾಗ ಸಾಬೂನಿನಂಥ ರುಚಿ. ಕೋಕೋ ಕೆಟ್ಟಿತ್ತೇ, ಅಥವಾ ಅಳತೆಯನ್ನೇ ಬದಲಿಸಬೇಕಿತ್ತೇ?

ಉತ್ತರ: ಕೋಕೋ ಕೆಟ್ಟಿರಲಿಲ್ಲ. ನಿಮ್ಮ ಅಳತೆಯಲ್ಲಿ ಗಣನೆಗೆ ಬರುವಷ್ಟು ಆಮ್ಲವಿದ್ದ ಸಾಮಗ್ರಿ ಕೋಕೋ ಒಂದೇ ಆಗಿತ್ತು, ಮತ್ತು ಅಡುಗೆ ಸೋಡಾ ಇಷ್ಟು ಕಾಲವೂ ಆ ಆಮ್ಲವನ್ನೇ ನೆಚ್ಚಿಕೊಂಡು ಕೆಲಸ ಮಾಡುತ್ತಿತ್ತು. ಡಚ್ ಕೋಕೋದಲ್ಲಿ ಆ ಆಮ್ಲವನ್ನು ಕಾರ್ಖಾನೆಯಲ್ಲೇ ಕ್ಷಾರ ಬೆರೆಸಿ ಶಮನಗೊಳಿಸಿರುತ್ತಾರೆ. ಹೀಗಾಗಿ ನಿಮ್ಮ ಸೋಡಾಕ್ಕೆ ಪ್ರತಿಕ್ರಿಯಿಸಲು ಏನೂ ಸಿಗಲಿಲ್ಲ. ಅದರಿಂದ ಹೊರಡಬೇಕಿದ್ದ ಅನಿಲದ ಅರ್ಧದಷ್ಟು ಮಾತ್ರ ಹೊರಟಿತು, ಅದೂ ತಡವಾಗಿ. ಉಳಿದ ಕ್ಷಾರ ಕೇಕಿನಲ್ಲೇ ಕುಳಿತು ನಿಮ್ಮ ನಾಲಗೆಗೆ ಸಿಕ್ಕಿತು. ಕೋಕೋ ಬದಲಿಸಿದಾಗ ಸೋಡಾದ ಲೆಕ್ಕವನ್ನೂ ಬದಲಿಸಬೇಕಿತ್ತು.

ಕೋಕೋಗೆ ಆಮ್ಲತೆ ಬರುವುದು ಬೀಜವನ್ನು ಹುದುಗಿಸುವ ಹಂತದಲ್ಲಿ. ಕಾಯಿಯನ್ನು ಒಡೆದು ತೆಗೆದ ಬೀಜಗಳನ್ನು ಸುತ್ತಲಿನ ಬಿಳಿ ತಿರುಳಿನ ಸಮೇತ ಕೆಲವು ದಿನ ರಾಶಿ ಹಾಕಿದಾಗ, ತಿರುಳಿನ ಸಕ್ಕರೆಯನ್ನು ಮೊದಲು ಯೀಸ್ಟ್‌ಗಳು, ಆಮೇಲೆ ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ಅವು ಉಂಟುಮಾಡುವ ಅಸಿಟಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳು ಬೀಜದ ಒಳಗೂ ಇಳಿಯುತ್ತವೆ. ಒಣಗಿಸುವಾಗ ಮತ್ತು ಹುರಿಯುವಾಗ ಅಸಿಟಿಕ್ ಆಮ್ಲದ ಒಂದು ಪಾಲು ಹಾರಿಹೋಗುತ್ತದೆಯಾದರೂ ಸಾಕಷ್ಟು ಉಳಿಯುತ್ತದೆ. ಹುರಿದ ಬೀಜವನ್ನು ಅರೆದು, ಬೆಣ್ಣೆಯಂಥ ಕೊಬ್ಬಿನ ಬಹುಪಾಲನ್ನು ಒತ್ತಿ ತೆಗೆದು, ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಸಿಗುವುದೇ ನೈಸರ್ಗಿಕ ಕೋಕೋ. ಅದರ ಪಿಎಚ್ ಸಾಮಾನ್ಯವಾಗಿ 5.3ರಿಂದ 5.8ರ ಆಸುಪಾಸಿನಲ್ಲಿರುತ್ತದೆ. ನಾಲಗೆಗೆ ಅದು ಹುಳಿ ಎನಿಸುವುದಿಲ್ಲ, ಏಕೆಂದರೆ ಕಹಿ ಮತ್ತು ಒಗರು ಮುಂದೆ ನಿಂತು ಹುಳಿಯನ್ನು ಮರೆಮಾಡುತ್ತವೆ. ಆದರೆ ಸೋಡಾಕ್ಕೆ ಅದು ಗೊತ್ತಾಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ನೆದರ್ಲೆಂಡ್ಸ್‌ನ ಕೋಯೆನ್‌ರಾಡ್ ವಾನ್ ಹೌಟೆನ್ ಬಳಕೆಗೆ ತಂದ ವಿಧಾನದಲ್ಲಿ ಕೋಕೋವನ್ನು ಕ್ಷಾರದ ದ್ರಾವಣದಿಂದ ಸಂಸ್ಕರಿಸಲಾಗುತ್ತದೆ, ಡಚ್ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಇದಕ್ಕೆ ಹೆಚ್ಚಾಗಿ ಬಳಸುವುದು ಪೊಟ್ಯಾಸಿಯಂ ಕಾರ್ಬೊನೇಟ್. ಬೀಜದ ಚೂರುಗಳಿಗೋ, ಅರೆದ ಮುದ್ದೆಗೋ, ಹಿಂಡಿಗೋ ಈ ದ್ರಾವಣವನ್ನು ಬೆರೆಸಿ ಬಿಸಿ ಮಾಡಿದಾಗ ಪಿಎಚ್ 7ರ ಸುತ್ತಮುತ್ತ ಬರುತ್ತದೆ, ಕೆಲವು ಕಡು ಕೋಕೋಗಳಲ್ಲಿ 8ಕ್ಕೂ ಏರುತ್ತದೆ. ಇಲ್ಲಿ ಒಂದು ಮಾತನ್ನು ನೆನಪಿಡಬೇಕು: ಡಚ್ ಕೋಕೋ ಎಂದರೆ ಒಂದೇ ಹದದ ಪುಡಿಯಲ್ಲ. ಸ್ವಲ್ಪವೇ ಕ್ಷಾರ ಕಂಡದ್ದೂ ಇದೆ, ಇದ್ದಿಲಿನಷ್ಟು ಕಪ್ಪಾಗುವವರೆಗೆ ಕ್ಷಾರದಲ್ಲಿ ಬೆಂದದ್ದೂ ಇದೆ.

ಈಗ ನಿಮ್ಮ ಅಳತೆಗೇ ಬರೋಣ. ಅರ್ಧ ಟೀ ಚಮಚ ಸೋಡಾ ಎಂದರೆ ಸುಮಾರು 2.5 ಗ್ರಾಂ. ಅದಕ್ಕೆ ಸಾಕಷ್ಟು ಆಮ್ಲ ಸಿಕ್ಕರೆ ಪೂರ್ತಿ ಪ್ರತಿಕ್ರಿಯಿಸಿ, ಕೋಣೆಯ ಉಷ್ಣತೆಯಲ್ಲಿ ಅಳೆದರೆ ಸುಮಾರು 700 ಮಿಲಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಇದರಲ್ಲಿ ಬಹಳಷ್ಟು ತಪ್ಪಿಸಿಕೊಂಡು ಹೋಗುತ್ತದೆ ಎಂದಿಟ್ಟುಕೊಂಡರೂ 200 ಗ್ರಾಂ ಮೈದಾದ ಕೇಕನ್ನು ಉಬ್ಬಿಸಲು ಅದು ಧಾರಾಳವಾಯಿತು. ಆಮ್ಲವಿಲ್ಲದಿದ್ದರೆ ಸೋಡಾಕ್ಕೆ ಉಳಿಯುವ ದಾರಿ ಶಾಖ ಮಾತ್ರ. ಬಿಸಿಯಾದಾಗ ಎರಡು ಅಣು ಸೋಡಾ ಸೇರಿ ಒಂದೇ ಅಣು ಅನಿಲವನ್ನು ಬಿಡುತ್ತವೆ:

2NaHCO₃ → Na₂CO₃ + H₂O + CO₂

ಅಂದರೆ 700 ಮಿಲಿ ಬರಬೇಕಾದಲ್ಲಿ ಹೆಚ್ಚೆಂದರೆ 350. ಉಳಿದರ್ಧ ಸೋಡಿಯಂ ಕಾರ್ಬೊನೇಟ್ ರೂಪದಲ್ಲಿ, ಅಂದರೆ ವಾಷಿಂಗ್ ಸೋಡಾ ಆಗಿ, ಕೇಕಿನಲ್ಲಿ ಉಳಿಯುತ್ತದೆ. ನಿಮಗೆ ಸಿಕ್ಕ ಸಾಬೂನಿನ ರುಚಿ ಅದರದ್ದೇ.

ಅನಿಲದ ಪ್ರಮಾಣದಷ್ಟೇ ಮುಖ್ಯವಾದದ್ದು ಅದು ಹೊರಡುವ ಹೊತ್ತು. ನೈಸರ್ಗಿಕ ಕೋಕೋ ಇದ್ದಾಗ ಪ್ರತಿಕ್ರಿಯೆ ಕಲಸುವ ಪಾತ್ರೆಯಲ್ಲೇ ಶುರುವಾಗುತ್ತದೆ. ಓವನ್ನಿಗೆ ಹೋಗುವಷ್ಟರಲ್ಲಿ ಹಿಟ್ಟಿನ ತುಂಬ ಸಣ್ಣ ಗುಳ್ಳೆಗಳಿರುತ್ತವೆ, ಮತ್ತು ಹಿಟ್ಟು ಇನ್ನೂ ದ್ರವವಾಗಿರುವಾಗಲೇ ಅವು ಹಿಗ್ಗುತ್ತವೆ. ಶಾಖವನ್ನೇ ನಂಬಿದ ಸೋಡಾ ಚುರುಕಾಗುವುದು ಹಿಟ್ಟಿನ ಒಳಗಿನ ಉಷ್ಣತೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದ ಮೇಲೆ. ಅಷ್ಟರಲ್ಲಿ ಅಂಚುಗಳಲ್ಲಿ ಮೊಟ್ಟೆಯ ಪ್ರೋಟೀನು ಗಟ್ಟಿಯಾಗತೊಡಗಿರುತ್ತದೆ, ಪಿಷ್ಟ ನೀರು ಹೀರಿ ಉಬ್ಬುತ್ತಿರುತ್ತದೆ. ಆ ಹೊತ್ತಿಗೆ ಬಂದ ಅನಿಲಕ್ಕೆ ಅಂಚಿನಲ್ಲಿ ಹಿಗ್ಗಲು ಎಡೆಯಿಲ್ಲ; ಅದರ ಪರಿಣಾಮವೆಲ್ಲ ಇನ್ನೂ ಸಡಿಲವಾಗಿರುವ ನಡುಭಾಗದಲ್ಲಿ ಕಾಣಿಸುತ್ತದೆ.

ನಡುಭಾಗ ಎದ್ದು ಮತ್ತೆ ಕುಸಿಯುವುದಕ್ಕೆ ಇನ್ನೊಂದು ಕಾರಣವೂ ಜೊತೆಗೂಡುತ್ತದೆ. ಮೊಟ್ಟೆಯ ಪ್ರೋಟೀನು ತುಸು ಆಮ್ಲೀಯ ಹಿಟ್ಟಿನಲ್ಲಿ ಬೇಗ ಗಟ್ಟಿಯಾಗುತ್ತದೆ, ಕ್ಷಾರೀಯ ಹಿಟ್ಟಿನಲ್ಲಿ ತಡವಾಗಿ. ಕ್ಷಾರ ಹೆಚ್ಚಿದಾಗ ಪ್ರೋಟೀನಿನ ಎಳೆಗಳ ಮೇಲೆ ಒಂದೇ ಬಗೆಯ ವಿದ್ಯುದಂಶ ಹೆಚ್ಚಾಗಿ ಅವು ಒಂದನ್ನೊಂದು ದೂರ ತಳ್ಳುವುದೇ ಇದಕ್ಕೆ ಕಾರಣ. ಕಟ್ಟು ತಡವಾದಷ್ಟೂ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಮೇಲಕ್ಕೆ ಬಂದು ಒಡೆಯುತ್ತವೆ. ಕೇಕನ್ನು ಅಡ್ಡವಾಗಿ ಕತ್ತರಿಸಿ ನೋಡಿದರೆ ಇದರ ಗುರುತು ಕಾಣುತ್ತದೆ: ಅಲ್ಲಲ್ಲಿ ದೊಡ್ಡ ತೂತುಗಳು, ನಡುವಿನ ತಿರುಳು ಒರಟು, ಮುಟ್ಟಿದರೆ ಪುಡಿಪುಡಿ.

ನಡು ಕುಸಿಯಲು ಬೇರೆ ಕಾರಣಗಳೂ ಇರುತ್ತವೆ ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ಸಾಕಷ್ಟು ಬೇಯದೆ ಕುಸಿದ ಕೇಕಿನ ನಡುವೆ ಅಂಟಂಟಾದ, ಒತ್ತಾದ ಒಂದು ಪದರ ಇರುತ್ತದೆ, ಆದರೆ ರುಚಿ ಸರಿಯಾಗಿಯೇ ಇರುತ್ತದೆ. ಕ್ಷಾರದಿಂದ ಕುಸಿದದ್ದಾದರೆ ಕೇಕ್ ಬೆಂದಿರುತ್ತದೆ, ರುಚಿಯಲ್ಲಿ ದೋಷವಿರುತ್ತದೆ. ಬರೀ ಬಣ್ಣವನ್ನು ನೋಡಿ ತೀರ್ಮಾನಿಸಬಾರದು, ಏಕೆಂದರೆ ಡಚ್ ಕೋಕೋ ಹೇಗಿದ್ದರೂ ಕಪ್ಪು. ಖಚಿತಪಡಿಸಿಕೊಳ್ಳಬೇಕೆಂದರೆ ಕೇಕಿನ 10 ಗ್ರಾಂ ತಿರುಳನ್ನು 100 ಮಿಲಿ ಭಟ್ಟಿ ಇಳಿಸಿದ ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಪಿಎಚ್ ಪಟ್ಟಿ ಅದ್ದಿ ನೋಡಬಹುದು. 7ರ ಆಚೀಚೆ ಇದ್ದರೆ ಲೆಕ್ಕ ಸರಿಯಿದೆ ಎಂದರ್ಥ. 8.5 ದಾಟಿದ್ದರೆ ಸೋಡಾ ಹೆಚ್ಚಾಗಿದೆ ಎಂದು ಅನುಮಾನವಿಲ್ಲದೆ ಹೇಳಬಹುದು.

ಡಚ್ ಕೋಕೋವನ್ನೇ ಬಳಸಬೇಕೆಂದಿದ್ದರೆ ನಿಮಗೆ ಎರಡು ಒಳ್ಳೆಯ ದಾರಿಗಳಿವೆ. ಮೊದಲನೆಯದು ಸೋಡಾವನ್ನು ಪೂರ್ತಿ ಬಿಟ್ಟು ಬೇಕಿಂಗ್ ಪೌಡರ್ ಹಾಕುವುದು. ಬೇಕಿಂಗ್ ಪೌಡರಿನಲ್ಲಿ ಸೋಡಾದ ಜೊತೆಗೆ ಅದಕ್ಕೆ ತಕ್ಕ ಆಮ್ಲವನ್ನೂ ಬೆರೆಸಿರುವುದರಿಂದ ಕೋಕೋದ ಹಂಗು ಅದಕ್ಕಿಲ್ಲ. ಒಂದು ಪಾಲು ಸೋಡಾದ ಉಬ್ಬಿಸುವ ಶಕ್ತಿಗೆ ಸುಮಾರು ನಾಲ್ಕು ಪಾಲು ಬೇಕಿಂಗ್ ಪೌಡರ್ ಸಮ, ಆದ್ದರಿಂದ ನಿಮ್ಮ ಅರ್ಧ ಟೀ ಚಮಚ ಸೋಡಾದ ಜಾಗದಲ್ಲಿ ಎರಡು ಟೀ ಚಮಚ ಬೇಕಿಂಗ್ ಪೌಡರ್ ಸಾಕು. ಎರಡನೆಯದು ಸೋಡಾವನ್ನು ಹಾಗೆಯೇ ಉಳಿಸಿ ಆಮ್ಲವನ್ನು ಬೇರೆ ಕಡೆಯಿಂದ ತರುವುದು: 240 ಮಿಲಿ ಹಾಲಿನ ಬದಲು ಅಷ್ಟೇ ಅಳತೆಯ ಹುಳಿ ಮಜ್ಜಿಗೆ ಹಾಕಿದರೆ ಅರ್ಧ ಟೀ ಚಮಚ ಸೋಡಾಕ್ಕೆ ಬೇಕಾದ ಆಮ್ಲ ಸಿಗುತ್ತದೆ. ಮಜ್ಜಿಗೆ ತೀರ ನೀರಾಗಿರಬಾರದು. ನೀರು ಹೆಚ್ಚಿದಷ್ಟೂ ಆಮ್ಲ ಕಡಿಮೆ. ಹಾಲನ್ನೇ ಇಟ್ಟುಕೊಂಡು ಒಂದು ಟೀ ಚಮಚ ಕ್ರೀಮ್ ಆಫ್ ಟಾರ್ಟರ್ ಬೆರೆಸಿದರೂ ಸೋಡಾ ಶಮನವಾಗುತ್ತದೆ, ಆದರೆ ಹಾಗೆ ಮಾಡುವುದೆಂದರೆ ಬೇಕಿಂಗ್ ಪೌಡರನ್ನು ನೀವೇ ತಯಾರಿಸಿದಂತೆ. ನನ್ನ ಆಯ್ಕೆ ಮೊದಲನೆಯದು. ಡಚ್ ಕೋಕೋ ಕೊಳ್ಳುವುದೇ ಅದರ ಮೆತ್ತನೆಯ, ಹುಳಿಯಿಲ್ಲದ ರುಚಿಗಾಗಿ. ಅದಕ್ಕೆ ಮಜ್ಜಿಗೆಯ ಹುಳಿ ಸೇರಿಸಿದರೆ ಕೇಕ್ ಕೆಡುವುದಿಲ್ಲ, ಆದರೆ ಕೊಂಡ ಉದ್ದೇಶ ಅರ್ಧ ಮಾತ್ರ ಈಡೇರುತ್ತದೆ.

ನೈಸರ್ಗಿಕ ಕೋಕೋ ಇದ್ದಾಗ ನಿಮ್ಮ ಹಳೆಯ ಅಳತೆ ಅಷ್ಟು ಚೆನ್ನಾಗಿ ಹೊಂದುತ್ತಿದ್ದುದು ಹೇಗೆಂಬುದನ್ನೂ ನೋಡಬಹುದು. ಬೇಕಿಂಗ್ ಮಾಡುವವರಲ್ಲಿ ಬಳಕೆಯಲ್ಲಿರುವ ಅಂದಾಜಿನಂತೆ ಮೂರು ಟೇಬಲ್ ಚಮಚ, ಎಂದರೆ ಸುಮಾರು 18 ಗ್ರಾಂ, ನೈಸರ್ಗಿಕ ಕೋಕೋಗೆ ಒಂದು ಟೀ ಚಮಚದ ಎಂಟನೇ ಒಂದು ಭಾಗ ಸೋಡಾ ಸರಿಹೊಂದುತ್ತದೆ. 60 ಗ್ರಾಮಿಗೆ ಅದು ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆಯಾಗುತ್ತದೆ. ನಿಮ್ಮ ಅಳತೆಯಲ್ಲಿ ಆಮ್ಲಕ್ಕಿಂತ ಸೋಡಾ ಕೂದಲೆಳೆಯಷ್ಟು ಹೆಚ್ಚಿತ್ತು, ಅದು ದೋಷವೇನಲ್ಲ. ಚಾಕೊಲೇಟ್ ಕೇಕು ಇತರ ಕೇಕುಗಳಿಗಿಂತ ಹೆಚ್ಚು ಕ್ಷಾರವನ್ನು ತಾಳಿಕೊಳ್ಳುತ್ತದೆ, ಮತ್ತು ಬಣ್ಣಕ್ಕಾಗಿ ಬೇಕೆಂದೇ ಹಾಗೆ ಮಾಡುವುದೂ ಉಂಟು. ಬಿಳಿಯ ವೆನಿಲಾ ಕೇಕಿನಲ್ಲಿ ಇದೇ ಹೆಚ್ಚಳ ಹಳದಿ ಛಾಯೆಯಾಗಿಯೂ ರುಚಿಯಾಗಿಯೂ ತಕ್ಷಣ ಗೊತ್ತಾಗುತ್ತಿತ್ತು.

ಬಣ್ಣದ ವಿಷಯಕ್ಕೆ ಬಂದರೆ, ಜನರು ಹೆಚ್ಚಾಗಿ ಮೋಸ ಹೋಗುವುದು ಇಲ್ಲೇ. ಕೋಕೋ ಕಪ್ಪಾಗಿದ್ದಷ್ಟೂ ಅದರಲ್ಲಿ ಚಾಕೊಲೇಟಿನ ಸಾರ ಹೆಚ್ಚು ಎಂಬ ನಂಬಿಕೆ ಸರಿಯಲ್ಲ. ಕೋಕೋ ಬೀಜದಲ್ಲಿ ಪಾಲಿಫಿನಾಲ್ ಎಂಬ ವಸ್ತುಗಳು ಹೇರಳವಾಗಿವೆ. ಕ್ಷಾರ, ಗಾಳಿಯ ಆಮ್ಲಜನಕ ಮತ್ತು ಶಾಖ ಮೂರೂ ಸೇರಿದಾಗ ಅವು ಉತ್ಕರ್ಷಣೆಗೊಂಡು, ಒಂದಕ್ಕೊಂದು ಕೂಡಿಕೊಂಡು ಕಡುಗಂದು ಬಣ್ಣದ ದೊಡ್ಡ ಅಣುಗಳಾಗುತ್ತವೆ. ಕಪ್ಪು ಎಂಬುದು ಕೋಕೋದ ಪ್ರಮಾಣವನ್ನಲ್ಲ, ಕ್ಷಾರದ ಸಂಸ್ಕರಣೆ ಎಷ್ಟು ದೂರ ಹೋಗಿದೆ ಎಂಬುದನ್ನು ಹೇಳುತ್ತದೆ. ತೆಳುಕಂದು ಬಣ್ಣದ ನೈಸರ್ಗಿಕ ಕೋಕೋಗೆ ಸೋಡಾ ಸೇರಿದಾಗ ಇದೇ ಕ್ರಿಯೆ ಸಣ್ಣ ಪ್ರಮಾಣದಲ್ಲಿ ನಿಮ್ಮ ಬಟ್ಟಲಿನಲ್ಲೂ ಓವನ್ನಿನಲ್ಲೂ ನಡೆಯುತ್ತದೆ. ಪುಡಿ ತಿಳಿಬಣ್ಣದ್ದಾದರೂ ಬೆಂದ ಕೇಕ್ ಗಾಢವಾಗಿರುವುದು ಅದರಿಂದ. ಸೋಡಾ ತುಸು ಹೆಚ್ಚಿದ್ದಾಗ ತಿರುಳಿಗೆ ಕೆಂಪು ಬೆರೆತ ಕಂದು ಬರುತ್ತದೆ; ಡೆವಿಲ್ಸ್ ಫುಡ್ ಎಂಬ ಕೇಕಿನ ಕೆಂಗಂದು ಬಣ್ಣ ಹೀಗೆ ಬಂದದ್ದು. ಹಿಟ್ಟು ಆಮ್ಲೀಯವಾಗಿಯೇ ಉಳಿದರೆ, ಉದಾಹರಣೆಗೆ ನೈಸರ್ಗಿಕ ಕೋಕೋಗೆ ಬರೀ ಬೇಕಿಂಗ್ ಪೌಡರ್ ಹಾಕಿದರೆ, ಕೇಕ್ ಹಾಲು ಚಾಕೊಲೇಟಿನಂಥ ತಿಳಿಗಂದಿನಲ್ಲೇ ನಿಲ್ಲುತ್ತದೆ. ಕ್ಷಾರ ಮೇಲ್ಮೈಯ ಕಂದುಗಟ್ಟುವಿಕೆಯನ್ನೂ ಚುರುಕುಗೊಳಿಸುತ್ತದೆ, ಆದರೆ ಚಾಕೊಲೇಟ್ ಕೇಕಿನಲ್ಲಿ ಅದು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಬಣ್ಣ ನೋಡಿ ಬೆಂದಿದೆಯೆಂದು ಹೇಳಲು ಇಲ್ಲಿ ಬಾರದು. ಕಡ್ಡಿ ಚುಚ್ಚಿಯೇ ನೋಡಬೇಕು.

ರುಚಿಯ ಬದಲಾವಣೆಯೂ ಇದೇ ಪಾಲಿಫಿನಾಲ್‌ಗಳಿಗೆ ಸಂಬಂಧಿಸಿದ್ದು. ನಾಲಗೆಯನ್ನು ಹಿಡಿದಂತಾಗುವ ಒಗರು ಅವುಗಳದ್ದೇ ಆದ್ದರಿಂದ, ಅವು ದೊಡ್ಡ ಅಣುಗಳಾಗಿ ಕೂಡಿಕೊಂಡ ಮೇಲೆ ಒಗರು ತಗ್ಗುತ್ತದೆ, ಕಹಿಯ ಮೊನೆಯೂ ಮೊಂಡಾಗುತ್ತದೆ. ಹುಳಿ ಹೇಗೂ ಹೋಗಿರುತ್ತದೆ. ಉಳಿಯುವುದು ಮೃದುವಾದ, ಆಳವಾದ, ತುಸು ಮಣ್ಣಿನ ಛಾಯೆಯ ರುಚಿ. ನೈಸರ್ಗಿಕ ಕೋಕೋದಲ್ಲಿ ಹಣ್ಣಿನ ಘಮ, ಹುಳಿ, ಕಹಿ ಮೂರೂ ಚೂಪಾಗಿರುತ್ತವೆ. ಹೆಚ್ಚು ಸಕ್ಕರೆಯ ಕೇಕಿಗೆ ನಾನು ನೈಸರ್ಗಿಕವನ್ನೇ ಮೇಲು ಎನ್ನುತ್ತೇನೆ, ಏಕೆಂದರೆ ಅಷ್ಟು ಸಿಹಿಯ ನಡುವೆಯೂ ಅದರ ಚೂಪು ಎದ್ದು ಕಾಣುತ್ತದೆ. ಆದರೆ ಬೇಯಿಸದೆ ಬಳಸುವ ಕಡೆ, ಉದಾಹರಣೆಗೆ ಕೇಕಿನ ಮೇಲಿನ ಬೆಣ್ಣೆ ಕ್ರೀಮಿನಲ್ಲಿ, ಡಚ್ ಕೋಕೋವೇ ಹಿತ. ಅಲ್ಲಿ ಸೋಡಾ ಇಲ್ಲ, ಆದ್ದರಿಂದ ಆಮ್ಲದ ಚಿಂತೆಯೂ ಇಲ್ಲ. ರುಚಿ, ಬಣ್ಣ ನೋಡಿಕೊಂಡು ಯಾವುದನ್ನಾದರೂ ಹಾಕಬಹುದು.

ಇದಕ್ಕೆ ವಿರುದ್ಧವಾದ ಅದಲುಬದಲು, ಅಂದರೆ ಡಚ್ ಕೋಕೋ ಮತ್ತು ಬೇಕಿಂಗ್ ಪೌಡರಿಗೆಂದು ಬರೆದ ಅಳತೆಗೆ ನೈಸರ್ಗಿಕ ಕೋಕೋ ಹಾಕುವುದು, ಅಷ್ಟು ಅಪಾಯದ್ದಲ್ಲ. ಕೇಕ್ ಉಬ್ಬುತ್ತದೆ. ಬಣ್ಣ ತಿಳಿಯಾಗುತ್ತದೆ, ರುಚಿಯಲ್ಲಿ ಚುರುಕು ಹುಳಿ ಉಳಿಯುತ್ತದೆ, ತಿರುಳು ತುಸು ಒತ್ತಾಗಬಹುದು. 60 ಗ್ರಾಂ ಕೋಕೋಗೆ ಕಾಲು ಟೀ ಚಮಚ ಸೋಡಾ ಸೇರಿಸಿ, ಅದಕ್ಕೆ ಪ್ರತಿಯಾಗಿ ಬೇಕಿಂಗ್ ಪೌಡರನ್ನು ಮುಕ್ಕಾಲು ಟೀ ಚಮಚದಷ್ಟು ತಗ್ಗಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಕೈಯಲ್ಲಿರುವ ಪುಡಿ ಯಾವುದೆಂದು ತಿಳಿಯಲು ಮೊದಲು ಪೊಟ್ಟಣದ ಸಾಮಗ್ರಿಗಳ ಪಟ್ಟಿಯನ್ನು ಓದಿ. ಕ್ಷಾರದಿಂದ ಸಂಸ್ಕರಿಸಿದ್ದು ಎಂದೋ, ಆಮ್ಲತೆ ನಿಯಂತ್ರಕ ಎಂದೋ, 501 ಅಥವಾ 500 ಎಂಬ ಸಂಖ್ಯೆಯೋ ಇದ್ದರೆ ಅದು ಡಚ್ ಬಗೆಯದು. 501 ಎಂದರೆ ಪೊಟ್ಯಾಸಿಯಂ ಕಾರ್ಬೊನೇಟ್, 500 ಎಂದರೆ ಸೋಡಿಯಂ ಕಾರ್ಬೊನೇಟ್ ಗುಂಪು. ಬರೀ ಕೋಕೋ ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ನೈಸರ್ಗಿಕ. ಪೊಟ್ಟಣ ಇಲ್ಲದೆ ಡಬ್ಬಿಯಲ್ಲಿ ತುಂಬಿಟ್ಟ ಪುಡಿಯಾದರೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಒಂದು ಟೀ ಚಮಚ ಕೋಕೋವನ್ನು ಎರಡು ಟೇಬಲ್ ಚಮಚ ಉಗುರುಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಂದು ಚಿಟಿಕೆ ಸೋಡಾ ಉದುರಿಸಿ ಕಲಕಿ. ನೈಸರ್ಗಿಕ ಕೋಕೋ ಆದರೆ ಸಣ್ಣ ನೊರೆ ಏಳುತ್ತದೆ, ಬಣ್ಣ ನೋಡುತ್ತಿದ್ದಂತೆಯೇ ಗಾಢವಾಗುತ್ತದೆ. ಡಚ್ ಆದರೆ ಹೆಚ್ಚೇನೂ ಆಗುವುದಿಲ್ಲ. ಕುದಿಯುವ ನೀರನ್ನು ಮಾತ್ರ ಬಳಸಬೇಡಿ: ಅಷ್ಟು ಬಿಸಿಗೆ ಆಮ್ಲವಿಲ್ಲದೆಯೂ ಸೋಡಾ ಗುಳ್ಳೆ ಬಿಡುತ್ತದೆ, ಆಗ ಡಚ್ ಕೋಕೋವೂ ನೈಸರ್ಗಿಕವೆಂದೇ ತೋರುತ್ತದೆ.

ಎರಡೂ ಬಗೆಯನ್ನು ಬೆರೆಸಿ ಮಾರುವ ಪುಡಿಗಳೂ ಇವೆ, ಅವುಗಳಲ್ಲಿ ನೊರೆ ಮಂದವಾಗಿರುತ್ತದೆ. ನಿಮ್ಮ ಅಳತೆಗೆ ಅಂಥದ್ದನ್ನು ಬಳಸುವುದಾದರೆ ಸೋಡಾವನ್ನು ಕಾಲು ಟೀ ಚಮಚಕ್ಕೆ ಇಳಿಸಿ, ಜೊತೆಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಹಾಕಿ. ಇದ್ದಿಲುಗಪ್ಪಿನ ಕೋಕೋವನ್ನಂತೂ ಒಂಟಿಯಾಗಿ ಬಳಸದಿರುವುದು ಒಳ್ಳೆಯದು. ಅದರ ಕೊಬ್ಬು ಸಾಮಾನ್ಯವಾಗಿ ಕಡಿಮೆ, ಕೇಕ್ ಒಣಗಿದಂತಾಗುತ್ತದೆ, ಚಾಕೊಲೇಟಿನ ರುಚಿಯೂ ತೆಳುವಾಗಿರುತ್ತದೆ. 60 ಗ್ರಾಮಿನಲ್ಲಿ 15 ಗ್ರಾಂ ಅದು, 45 ಗ್ರಾಂ ನೈಸರ್ಗಿಕ ಎಂದು ಬೆರೆಸಿದರೆ ಬಣ್ಣವೂ ಸಿಗುತ್ತದೆ, ರುಚಿಯೂ ಉಳಿಯುತ್ತದೆ. ಆಗ ನಿಮ್ಮ ಅರ್ಧ ಟೀ ಚಮಚ ಸೋಡಾವನ್ನು ಸಮ ಮಟ್ಟದ ಕಾಲು ಟೀ ಚಮಚಕ್ಕೆ ತಂದು, ಕೊರತೆಯನ್ನು ಒಂದು ಟೀ ಚಮಚ ಬೇಕಿಂಗ್ ಪೌಡರಿನಿಂದ ತುಂಬಬೇಕು.